ಸ್ಕೆಚ್‌ಅಪ್‌ನಲ್ಲಿ ಹಂಚಿನ ಮನೆಯ ಹೊರರೂಪ: ಅಳತೆಯೂ ಮಾಡಿನ ಇಳಿಜಾರೂ ತಪ್ಪದಂತೆ ಕಟ್ಟುವ ಬಗೆ

ಮಡಗಾಂವ್‌ನಲ್ಲಿ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಫೋಂಡಾ ಕಡೆಯ ಒಂದು ಹಂಚಿನ ಮನೆಗೆ ಸ್ಕೆಚ್‌ಅಪ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿ ಮಾಡಿದ್ದೆ. ಕೈಗೆ ಬಂದ ಹಾಳೆಯಲ್ಲಿ ಮಾಡಿನ ಪಿಚ್ 1/3 ಎಂದು ಬರೆದಿತ್ತು. ನಾನು ಕೋನಮಾಪಕದಲ್ಲಿ `1:3` ಎಂದು ಒತ್ತಿ, ಮಾಡು ಕೂರಿಸಿ, ಚಿತ್ರವನ್ನು ಮುದ್ರಿಸಿ ಕೊಟ್ಟೆ. ಕೆಲಸ ಹಿಡಿದಿದ್ದ ಮೇಸ್ತ್ರಿ ರೋಣದ ಕಡೆಯವರು. ಪಕ್ಕದ ನೋಟವನ್ನು ನೋಡಿದ ಕೂಡಲೇ ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಇಷ್ಟ ಚಪ್ಪಟಿ ಆದ್ರ ಹಂಚಿನ ಸಂದ್ಯಾಗಿಂದ ನೀರು ಒಳಗ ಬರ್ತದ್ರೀ ಸರ. ಮೂರರಾಗ ಒಂದು ಅಂದ್ರ ಗೋಡಿಯಿಂದ ಗೋಡಿಗೆ ಮೂರು, ಅರ್ಧಕ್ಕ ಅಲ್ರಿ" ಎಂದರು. ಅವರ ಮಾತು ಸರಿಯಾಗಿತ್ತು, ತಪ್ಪು ನನ್ನದು. ಅಂದಿನಿಂದ ಮಾಡಿನ ವಿಷಯದಲ್ಲಿ ನಾನು ಅನುಸರಿಸುವ ಕ್ರಮವನ್ನು ಒಂದು ಮನೆಯ ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ.

ಪಿಚ್ ಬೇರೆ, ಇಳಿಜಾರು ಬೇರೆ

ನಮ್ಮಲ್ಲಿ ಪಿಚ್ ಎಂದರೆ ಮಾಡಿನ ಎತ್ತರವನ್ನು ಪೂರ್ಣ ಅಗಲದಿಂದ, ಅಂದರೆ ಒಂದು ಗೋಡೆಯಿಂದ ಎದುರು ಗೋಡೆಯವರೆಗಿನ ಅಂತರದಿಂದ ಭಾಗಿಸಿದ ಲೆಕ್ಕ. ಇಳಿಜಾರು ಎಂದರೆ ಅದೇ ಎತ್ತರವನ್ನು ಅರ್ಧ ಅಗಲದಿಂದ, ಅಂದರೆ ನೆತ್ತಿಯ ನೇರ ಕೆಳಗಿನಿಂದ ಗೋಡೆಯವರೆಗಿನ ಅಂತರದಿಂದ ಭಾಗಿಸಿದ್ದು. ಸ್ಕೆಚ್‌ಅಪ್‌ನ ಕೋನಮಾಪಕಕ್ಕೆ ಗೊತ್ತಿರುವುದು ಎರಡನೆಯದು ಮಾತ್ರ. ಅಲ್ಲಿ ನಾವು ಕೊಡುವ ಅನುಪಾತದ ಮೊದಲ ಅಂಕಿ ಏರಿಕೆ, ಎರಡನೆಯದು ಅಡ್ಡ ದೂರ.

6000 ಮಿ.ಮೀ. ಅಗಲದ ಮನೆಗೆ ಪಿಚ್ 1/3 ಎಂದರೆ ನೆತ್ತಿಯ ಏರಿಕೆ 2000 ಮಿ.ಮೀ. ಅರ್ಧ ಅಗಲ 3000 ಆದ್ದರಿಂದ ಇಳಿಜಾರು 2:3, ಕೋನ 33.69 ಡಿಗ್ರಿ. ನಾನು ಒತ್ತಿದ್ದ 1:3ಕ್ಕೆ ಬರುವ ಏರಿಕೆ ಬರೀ 1000, ಕೋನ 18.43 ಡಿಗ್ರಿ. ಮಂಗಳೂರು ಹಂಚಿಗೆ ಸಾಮಾನ್ಯವಾಗಿ 1:2ಕ್ಕಿಂತ, ಅಂದರೆ ಸುಮಾರು 26.6 ಡಿಗ್ರಿಗಿಂತ ಕಡಿಮೆ ಇಳಿಜಾರು ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೊಡನೆ ಅಡ್ಡ ಹೊಡೆಯುವ ಗೋವಾದ ಮಳೆಗೆ ಅದಕ್ಕಿಂತ ಚಪ್ಪಟೆಯಾದ ಮಾಡಿನಲ್ಲಿ ಹಂಚು ಹಂಚಿನ ಮೇಲೆ ಕೂರುವ ಜಾಗದಿಂದ ನೀರು ಹಿಂದಕ್ಕೆ ಏರಿ ರೀಪಿನ ಮೇಲೆ ಇಳಿಯುತ್ತದೆ. ಮಾದರಿಯಲ್ಲಿ ಎರಡು ಮಾಡುಗಳೂ ನೋಡಲು ಚೆನ್ನಾಗಿಯೇ ಇರುತ್ತವೆ. ತಪ್ಪು ಕಣ್ಣಿಗೆ ಬೀಳದಿರುವುದೇ ಇದರ ತೊಡಕು.

ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಎರಡು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಬೇಕು. ಏರಿಕೆ ಎಷ್ಟು ಮಿಲಿಮೀಟರ್? ಆ ಏರಿಕೆ ಎಲ್ಲಿಂದ ಎಲ್ಲಿಗಿನ ಅಗಲದ ಮೇಲೆ? ಬಡಗಿಗಳು ಕೆಲವೊಮ್ಮೆ ಗೋಡೆಯ ಹೊರಮೈಯಿಂದ ಅಳೆಯದೆ ಗೋಡೆಯ ಮೇಲಿನ ಮರದ ತೊಲೆಯ ನಡುವಿನಿಂದ ಅಳೆಯುತ್ತಾರೆ. 230 ಮಿ.ಮೀ. ಗೋಡೆಗೆ ಆಗ ಅಗಲ 5770, ಏರಿಕೆ ಸುಮಾರು 1923. ಕೋನ ಬದಲಾಗುವುದಿಲ್ಲ, ನೆತ್ತಿಯ ಎತ್ತರ ಮಾತ್ರ ಬದಲಾಗುತ್ತದೆ. ಇಲ್ಲಿ ನಾನು ಹೊರಮೈಯಿಂದ ಹೊರಮೈಗೆ 6000 ಎಂದೇ ಹಿಡಿಯುತ್ತೇನೆ.

ನಮ್ಮ ಉದಾಹರಣೆಯ ಮನೆ

ಹೊರಗಿನ ಉದ್ದ 9000, ಅಗಲ 6000. ನೆಲಗಟ್ಟಿನ ಎತ್ತರ 450. ಅದರ ಮೇಲೆ ಕೆಂಪು ಕಲ್ಲಿನ 230 ದಪ್ಪದ ಗೋಡೆ, ಎತ್ತರ 3000. ನೆತ್ತಿ ಉದ್ದಕ್ಕೆ ಸಾಗುತ್ತದೆ, ಆದ್ದರಿಂದ 6000 ಅಗಲದ ಎರಡು ತುದಿಗಳಲ್ಲಿ ತ್ರಿಕೋನ ಗೋಡೆಗಳು ಬರುತ್ತವೆ. ಸೂರು ಉದ್ದದ ಬದಿಗಳಲ್ಲಿ 600, ತ್ರಿಕೋನ ಗೋಡೆಗಳ ಕಡೆ 450 ಹೊರಚಾಚುತ್ತದೆ. ಪಕ್ಕಾಸು, ರೀಪು, ಹಂಚು ಎಲ್ಲ ಸೇರಿ ಮಾಡಿನ ದಪ್ಪ 150 ಎಂದು ಇಟ್ಟುಕೊಳ್ಳೋಣ. ಹೊರರೂಪವನ್ನಷ್ಟೇ ತೋರಿಸುವ ಮಾದರಿಯಲ್ಲಿ ಪಕ್ಕಾಸುಗಳನ್ನು ಬಿಡಿಬಿಡಿಯಾಗಿ ಬರೆಯಬೇಕಾಗಿಲ್ಲ.

ಮೊದಲು ಸಿದ್ಧತೆ

ವಿಂಡೋಸ್ ಕಂಪ್ಯೂಟರಿನ ಆವೃತ್ತಿಯನ್ನು ಗಮನದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹೊಸ ಕಡತ ತೆರೆಯುವಾಗ ಮಿಲಿಮೀಟರ್ ಇರುವ ವಾಸ್ತುಶಿಲ್ಪದ ಟೆಂಪ್ಲೇಟನ್ನು ಆರಿಸಿ. ನಂತರ Window > Model Info > Units ತೆರೆದು, ಉದ್ದದ ನಿಖರತೆಯನ್ನು ಒಂದು ದಶಮಾಂಶಕ್ಕೂ ಕೋನದ ನಿಖರತೆಯನ್ನು ಎರಡು ದಶಮಾಂಶಕ್ಕೂ ಇಡಿ. ಅಲ್ಲಿಯೇ ಇರುವ Enable length snapping ಗುರುತನ್ನು ತೆಗೆದುಬಿಡಿ. ಅದು ಇದ್ದರೆ ಗೆರೆ ಎಳೆಯುವಾಗ ತುದಿಯು ನಾವು ಹೇಳದ ದುಂಡು ಅಂಕಿಗೆ ಹಾರಿ ಕೂರುತ್ತದೆ.

ನಿಖರತೆಯನ್ನು ಸೊನ್ನೆ ದಶಮಾಂಶಕ್ಕೆ ಬಿಡಬಾರದೇಕೆ ಎಂಬುದಕ್ಕೆ ಕಾರಣವಿದೆ. ತೋರಿಸುವ ಅಂಕಿ ನಿಜವಾದ ಅಳತೆಗೆ ಪೂರ್ತಿ ಸಮನಾಗಿರದಿದ್ದರೆ ಸ್ಕೆಚ್‌ಅಪ್ ಅದರ ಹಿಂದೆ `~` ಎಂಬ ಅಲೆಗುರುತು ಹಾಕುತ್ತದೆ. ಗೋಡೆಯ ಉದ್ದ 9000 ಎಂದು ಕೊಟ್ಟಲ್ಲಿ `~9000.0` ಎಂದು ಕಂಡರೆ ಆ ಗೆರೆಯನ್ನು ಅಳತೆ ಕೊಡದೆ ಕೈಯಿಂದ ಎಳೆದಿರುವ ಸಾಧ್ಯತೆಯೇ ಹೆಚ್ಚು. ಓರೆಯಾದ ಮಾಡಿನ ಗೆರೆಯಲ್ಲಿ ಅಲೆಗುರುತು ಸಹಜ, ನೆಲದ ಮೇಲಿನ ನೇರ ಗೆರೆಯಲ್ಲಿ ಅದು ಎಚ್ಚರಿಕೆ.

ಅಳತೆಯನ್ನು ಕೊಡುವ ರೀತಿಯೂ ಇಲ್ಲೇ ತಿಳಿದಿರಲಿ. ಉಪಕರಣ ಆರಿಸಿ, ಮೊದಲ ಬಿಂದು ಒತ್ತಿ, ಮೌಸನ್ನು ಬೇಕಾದ ದಿಕ್ಕಿಗೆ ಸ್ವಲ್ಪ ಸರಿಸಿ, ಅಂಕಿ ಒತ್ತಿ Enter ಕೊಟ್ಟರೆ ಸಾಕು. ಪರದೆಯ ಬಲ ಕೆಳಮೂಲೆಯ Measurements ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಬೇಕಾಗಿಲ್ಲ. ಇಲ್ಲಿನ ಮಾಲೀಕರಲ್ಲಿ ಹಲವರು ನಿವೇಶನದ ಅಳತೆಯನ್ನು ಅಡಿ, ಇಂಚಿನಲ್ಲಿ ಹೇಳುತ್ತಾರೆ. ಅದನ್ನು `29'6"` ಎಂದು ಹಾಗೆಯೇ ಒತ್ತಬಹುದು, ತಂತ್ರಾಂಶ ತಾನೇ 8991.6 ಮಿ.ಮೀ. ಮಾಡಿಕೊಳ್ಳುತ್ತದೆ. ಆದರೆ ಒಂದು ಗೋಡೆಗೆ ಅಡಿ, ಎದುರಿನ ಗೋಡೆಗೆ 9000 ಎಂದು ಬೆರೆಸಿದರೆ 8.4 ಮಿ.ಮೀ. ವ್ಯತ್ಯಾಸ ಉಳಿದು ಮಾಡು ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ.

ನೆಲಗಟ್ಟು ಮತ್ತು ಗೋಡೆ

ಟೆಂಪ್ಲೇಟಿನಲ್ಲಿ ನಿಂತಿರುವ ಮನುಷ್ಯಾಕೃತಿಯನ್ನು ಅಳಿಸದೆ ಪಕ್ಕಕ್ಕೆ ಸರಿಸಿಡಿ, ಎತ್ತರದ ಅಂದಾಜಿಗೆ ಕೊನೆಯವರೆಗೂ ಬೇಕಾಗುತ್ತದೆ. Rectangle ಆರಿಸಿ, ಮೂರು ಅಕ್ಷಗಳು ಸೇರುವ ಮೂಲಬಿಂದುವಿನಲ್ಲಿ ಒಮ್ಮೆ ಒತ್ತಿ, ಹೀಗೆ ಬರೆಯಿರಿ:

```
9000,6000
```

ಉದ್ದದ ಬದಿ ಕೆಂಪು ಅಕ್ಷದ ಮೇಲೆ ಬಂದಿದೆಯೇ ನೋಡಿ. ತಿರುಗುಮುರುಗಾಗಿದ್ದರೆ ಬೇರೆ ಉಪಕರಣ ಮುಟ್ಟುವ ಮೊದಲೇ ಅಂಕಿಗಳನ್ನು ಅದಲುಬದಲು ಮಾಡಿ ಮತ್ತೆ ಒತ್ತಬಹುದು. Push/Pull ಹಿಡಿದು 450 ಮೇಲೆತ್ತಿ, ಮೂರು ಬಾರಿ ಕ್ಲಿಕ್ ಮಾಡಿ ಇಡೀ ಕಟ್ಟೆಯನ್ನು ಆರಿಸಿ, ಬಲಗುಂಡಿಯ ಪಟ್ಟಿಯಿಂದ Make Group ಕೊಡಿ.

ಈ ಗುಂಪು ಮಾಡುವ ಹೆಜ್ಜೆಯನ್ನು ಬಿಡಬಾರದು. ಸ್ಕೆಚ್‌ಅಪ್‌ನಲ್ಲಿ ಬಿಡಿಯಾಗಿರುವ ಗೆರೆಗಳೂ ಮೈಗಳೂ ಒಂದಕ್ಕೊಂದು ತಾಗಿದ ಕೂಡಲೇ ಅಂಟಿಕೊಳ್ಳುತ್ತವೆ. ಮುಂದೆ ಗೋಡೆಯನ್ನು ಎಳೆದರೆ ಕಟ್ಟೆಯೂ ಜೊತೆಗೆ ಬರುತ್ತದೆ, ಮಾಡನ್ನು ಅಳಿಸಿದರೆ ಗೋಡೆಯ ತಲೆಯೂ ಹೋಗುತ್ತದೆ. ಕಟ್ಟೆ, ಗೋಡೆ, ತ್ರಿಕೋನ ಗೋಡೆ, ಮಾಡು ಪ್ರತಿಯೊಂದೂ ತನ್ನದೇ ಗುಂಪಿನಲ್ಲಿರಲಿ.

ಗುಂಪಾದ ಕಟ್ಟೆಯ ಮೇಲೆ ಮೂಲೆಯಿಂದ ಮೂಲೆಗೆ ಇನ್ನೊಂದು ಆಯತ ಬರೆಯಿರಿ. Offset ಉಪಕರಣದಿಂದ ಅದರ ಅಂಚನ್ನು 230 ಒಳಗೆ ತನ್ನಿ. ಈಗ ಹೊರಗಿನ ಪಟ್ಟಿ ಗೋಡೆಯ ದಪ್ಪ. ಒಳಗಿನ ಮೈಯನ್ನು ಅಳಿಸಿ, ಪಟ್ಟಿಯನ್ನು Push/Pull ಹಿಡಿದು 3000 ಮೇಲೆತ್ತಿ, ಗುಂಪು ಮಾಡಿ. ಗೋಡೆಯ ತಲೆ ನೆಲದಿಂದ 3450ರಲ್ಲಿ ನಿಂತಿತು.

ತ್ರಿಕೋನ ಗೋಡೆ: ಇಳಿಜಾರು ನಿರ್ಧಾರವಾಗುವುದು ಇಲ್ಲಿ

ಗೋಡೆಯ ಗುಂಪಿನೊಳಗೆ ಹೋಗದೆ, ಹೊರಗೇ ಇದ್ದು ಕೆಲಸ ಮಾಡಿ. ಮೂಲಬಿಂದುವಿನ ಕಡೆಯ 6000 ಅಗಲದ ಗೋಡೆಯ ಹೊರ ಮೇಲಂಚಿನ ನಡುವೆ Line ಉಪಕರಣವನ್ನು ತಂದಾಗ Midpoint ಎಂಬ ಗುರುತು ಕಾಣುತ್ತದೆ. ಅಲ್ಲಿ ಒತ್ತಿ, ಮೇಲ್ಮುಖ ಬಾಣದ ಕೀಲಿಯಿಂದ ದಿಕ್ಕನ್ನು ನೀಲಿ ಅಕ್ಷಕ್ಕೆ ಬಿಗಿದು, 2000 ಎಂದು ಕೊಡಿ. ಆ ತುದಿಯಿಂದ ಎರಡೂ ಮೂಲೆಗಳಿಗೆ ಗೆರೆ ಎಳೆದು, ಮೂಲೆಯಿಂದ ಮೂಲೆಗೆ ಬುಡದ ಗೆರೆಯನ್ನೂ ಎಳೆದರೆ ಮೈ ತುಂಬಿಕೊಳ್ಳುತ್ತದೆ. ನಡುವಿನ ಲಂಬ ಗೆರೆಯನ್ನು ಅಳಿಸಿಬಿಡಿ.

ಇಲ್ಲಿ ಕೋನ ಕೊಡದೆ ಏರಿಕೆಯನ್ನು ಕೊಟ್ಟಿದ್ದೇನೆ ಎಂಬುದನ್ನು ಗಮನಿಸಿ. 33.69 ಎಂಬುದು ದುಂಡು ಮಾಡಿದ ಅಂಕಿ. ಎರಡೂ ಬದಿಯಿಂದ ಅದೇ ಕೋನ ಒತ್ತಿ ಗೆರೆ ಎಳೆದರೆ ನೆತ್ತಿ 2000ಕ್ಕೆ ಸರಿಯಾಗಿ ಬರದೆ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ, ಆಮೇಲೆ `~` ಗುರುತು ಎಲ್ಲ ಕಡೆ ಹಬ್ಬುತ್ತದೆ. 2000 ಮತ್ತು 3000 ಪೂರ್ಣ ಅಂಕಿಗಳು, ಕೋನ ತಾನಾಗಿಯೇ ಅವುಗಳಿಂದ ಹುಟ್ಟಲಿ.

ಕೋನಮಾಪಕವನ್ನು ಈಗ ಪರೀಕ್ಷೆಗೆ ಬಳಸಿ. Tools > Protractor ಆರಿಸಿ, ವೃತ್ತವು ತ್ರಿಕೋನದ ಮೈಗೆ ಸಮವಾಗಿ ನಿಂತಾಗ ಕೆಳಮೂಲೆಯಲ್ಲಿ ಒತ್ತಿ, ಬುಡದ ಗೆರೆಯ ಮೇಲೆ ಎರಡನೆಯ ಬಾರಿ ಒತ್ತಿ, ಈ ಅನುಪಾತ ಕೊಡಿ:

```
2:3
```

ಹುಟ್ಟುವ ಚುಕ್ಕಿಗೆರೆ ತ್ರಿಕೋನದ ಓರೆ ಅಂಚಿನ ಮೇಲೆಯೇ ಮಲಗಬೇಕು. ಅಂಚಿಗಿಂತ ಕೆಳಗೆ ಅಥವಾ ಮೇಲೆ ಹೋದರೆ ಏರಿಕೆಯೋ ಅಗಲವೋ ತಪ್ಪಿದೆ ಎಂದರ್ಥ. ಗೆರೆ ಬುಡದ ಇನ್ನೊಂದು ಕಡೆಗೆ ಇಳಿದರೆ ಅದು ದಿಕ್ಕಿನ ವ್ಯತ್ಯಾಸ ಮಾತ್ರ, ಮೌಸನ್ನು ಮೇಲಕ್ಕೆ ಸರಿಸಿ ಮತ್ತೆ ಮಾಡಿ.

ಸರಿಯಿದ್ದರೆ ತ್ರಿಕೋನವನ್ನು 230 ಒಳಮುಖವಾಗಿ ಎಳೆದು ದಪ್ಪ ಕೊಟ್ಟು ಗುಂಪು ಮಾಡಿ. ಎದುರು ಬದಿಗೆ ಮತ್ತೆ ಬರೆಯಬೇಕಾಗಿಲ್ಲ. Move ಉಪಕರಣ ಹಿಡಿದು Ctrl ಒತ್ತಿ, ಕೆಂಪು ಅಕ್ಷದ ದಿಕ್ಕಿನಲ್ಲಿ 8770 ಕೊಡಿ. 9000ದಲ್ಲಿ ತ್ರಿಕೋನದ ಸ್ವಂತ ದಪ್ಪ 230 ಕಳೆದರೆ 8770. ಇಲ್ಲಿ 9000 ಎಂದೇ ಕೊಟ್ಟರೆ ಆ ಗೋಡೆ ಮನೆಯ ಹೊರಗೆ ಗಾಳಿಯಲ್ಲಿ ನಿಲ್ಲುತ್ತದೆ.

ಮಾಡು ಕೂರಿಸುವುದು

ಮಾಡಿನ ಅಡ್ಡಸೀಳನ್ನು ತ್ರಿಕೋನದ ಹೊರಮೈಯ ಸಮತಲದಲ್ಲಿ ಬರೆದು, ಅದನ್ನು ಮನೆಯ ಉದ್ದಕ್ಕೂ ಎಳೆಯುವುದು ನನಗೆ ಎಲ್ಲಕ್ಕಿಂತ ನಂಬಿಕೆಯ ದಾರಿ.

ಮೊದಲು ಸೂರಿನ ಗಡಿ. Tape Measure ಹಿಡಿದು ಗೋಡೆಯ ಮೂಲೆಯ ಲಂಬ ಅಂಚಿನ ಮೇಲೆ, ತುದಿಬಿಂದುವಿನಲ್ಲಲ್ಲ, ಒತ್ತಿ ಹಸಿರು ಅಕ್ಷದ ದಿಕ್ಕಿನಲ್ಲಿ ಹೊರಗೆ 600 ಕೊಟ್ಟರೆ ಲಂಬವಾದ ಚುಕ್ಕಿಗೆರೆ ಬರುತ್ತದೆ. ಇನ್ನೊಂದು ಮೂಲೆಯಲ್ಲಿಯೂ ಹಾಗೆಯೇ ಮಾಡಿ. ನಂತರ ಅದೇ ಉಪಕರಣದಿಂದ ತ್ರಿಕೋನದ ಓರೆ ಅಂಚಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಆ ಅಂಚಿನ ಜಾಡಿನಲ್ಲಿಯೇ ಅನಂತ ಚುಕ್ಕಿಗೆರೆ ಹುಟ್ಟುತ್ತದೆ. ಎರಡು ಚುಕ್ಕಿಗೆರೆಗಳು ಕೂಡುವ ಬಿಂದುವೇ ಸೂರಿನ ಕೆಳತುದಿ. ಗೋಡೆಯಿಂದಾಚೆಗಿನ ಓರೆ ಉದ್ದ 721.1 ಎಂದು ಲೆಕ್ಕ ಹಾಕಿ ಒತ್ತಬಹುದು, ಆದರೆ ಒತ್ತಬೇಡಿ. ಅದೂ ದುಂಡು ಮಾಡಿದ ಅಂಕಿಯೇ. ಗೆರೆಗಳು ಕೂಡುವಲ್ಲಿ ಸಿಗುವ ಬಿಂದುವಿನಲ್ಲಿ ಅಂಥ ಶೇಷ ಉಳಿಯುವುದಿಲ್ಲ.

ನೆತ್ತಿಯಿಂದ ಆ ಎರಡು ಕೂಡುಬಿಂದುಗಳಿಗೆ ಗೆರೆ ಎಳೆಯಿರಿ. ಎರಡೂ ಗೆರೆಗಳನ್ನು ಒಟ್ಟಿಗೆ ಆರಿಸಿ, Offset ಹಿಡಿದು ಮೇಲ್ಮುಖವಾಗಿ 150 ಕೊಟ್ಟರೆ ಸಮಾಂತರವಾದ ಮೇಲಿನ ಜೋಡಿ ಗೆರೆ, ನೆತ್ತಿಯಲ್ಲಿ ಸರಿಯಾಗಿ ಸೇರಿಕೊಂಡು, ಬರುತ್ತದೆ. ಎರಡೂ ಸೂರುಗಳಲ್ಲಿ ಕೆಳತುದಿ ಮೇಲ್ತುದಿಗಳನ್ನು ಗೆರೆಯಿಂದ ಮುಚ್ಚಿದರೆ ಮೈ ತುಂಬುತ್ತದೆ. ತುಂಬದಿದ್ದರೆ ಯಾವುದೋ ತುದಿ ಸಮತಲದಿಂದ ಜಾರಿದೆ. Styles ಫಲಕದ Edit ಭಾಗದಲ್ಲಿ ಅಂಚಿನ ಬಣ್ಣವನ್ನು By axis ಮಾಡಿ ನೋಡಿ. ಅಕ್ಷಕ್ಕೆ ಸಮಾಂತರವಾದ ಗೆರೆಗಳು ಆಯಾ ಅಕ್ಷದ ಬಣ್ಣ ತಾಳುತ್ತವೆ. ಮಾಡಿನ ಓರೆ ಗೆರೆಗಳು ಕಪ್ಪಾಗಿರುವುದು ಸರಿಯೇ, ಗೋಡೆಯ ಅಂಚು ಕಪ್ಪಾಗಿ ಕಂಡರೆ ಅದು ಓರೆಯಾಗಿದೆ.

ಈ ಮೈಯನ್ನು Push/Pull ಹಿಡಿದು ಮನೆಯ ದಿಕ್ಕಿಗೆ 9450 ಎಳೆಯಿರಿ, ನಂತರ ಮೊದಲಿನ ಮೈಯನ್ನು ಹೊರಮುಖವಾಗಿ 450 ಎಳೆಯಿರಿ. ಒಟ್ಟು ಉದ್ದ 9900 ಆಯಿತು. ಗುಂಪು ಮಾಡಿ.

ಮಾಡಿನ ದಪ್ಪದ ಬಗ್ಗೆ ಎರಡು ವಿಷಯ ತಿಳಿದಿರಬೇಕು. Offset ಕೊಟ್ಟ 150 ಮಾಡಿನ ಮೈಗೆ ಲಂಬವಾದ ದಪ್ಪ. ನೇರ ಮೇಲಕ್ಕೆ ಅಳೆದರೆ ಅದು 180.3 ಆಗುತ್ತದೆ. ಆದ್ದರಿಂದ ನೆತ್ತಿಯ ಮೇಲ್ತುದಿ ನೆಲದಿಂದ 5450ರಲ್ಲಿ ಇರುವುದಿಲ್ಲ, 5630.3ರಲ್ಲಿ ಇರುತ್ತದೆ. ಹಾಗೆಯೇ ಸೂರಿನ ತುದಿಯನ್ನು ಮಾಡಿಗೆ ಲಂಬವಾಗಿ ಕತ್ತರಿಸಿದ್ದರಿಂದ ಅದರ ಮೇಲಿನ ಅಂಚು 600ಕ್ಕಿಂತ ಸುಮಾರು 83 ಮಿ.ಮೀ. ಹೆಚ್ಚು ಹೊರಗೆ ಚಾಚುತ್ತದೆ. ಗಡಿಗೋಡೆಗೆ ಹತ್ತಿರವಿರುವ ಮನೆಯಲ್ಲಿ ಈ 83 ಮಿ.ಮೀ. ಲೆಕ್ಕಕ್ಕೆ ಬರುತ್ತದೆ. ಬೇಡವಾದರೆ ಮೇಲಿನ ಗೆರೆಯನ್ನೂ ಅದೇ ಲಂಬ ಚುಕ್ಕಿಗೆರೆಯಲ್ಲಿ ನಿಲ್ಲಿಸಿ, ತುದಿಯನ್ನು ನೆಲಕ್ಕೆ ಲಂಬವಾಗಿ ಮುಚ್ಚಿ.

ಬಾಗಿಲು, ಕಿಟಕಿ

ಗೋಡೆಯ ಗುಂಪನ್ನು ಎರಡು ಬಾರಿ ಕ್ಲಿಕ್ ಮಾಡಿ ತೆರೆದು, Tape Measure ಚುಕ್ಕಿಗೆರೆಗಳ ಆಧಾರದಲ್ಲಿ ಬಾಗಿಲಿಗೆ 1000,2100 ಮತ್ತು ಕಿಟಕಿಗೆ 1200,1200 ಆಯತ ಬರೆಯಿರಿ. ಕಿಟಕಿಯ ಕೆಳಂಚು ಕಟ್ಟೆಯಿಂದ 900 ಮೇಲಿರಲಿ, ಆಗ ಎರಡರ ಮೇಲಂಚೂ 2100ರಲ್ಲಿ ಸಾಲಾಗುತ್ತದೆ. Push/Pull ಹಿಡಿದು 230 ಒಳಗೆ ತಳ್ಳಿದರೆ ರಂಧ್ರ ತೆರೆಯುತ್ತದೆ. ತೆರೆಯದಿದ್ದರೆ ಆಯತವನ್ನು ಗುಂಪಿನ ಹೊರಗೆ ಬರೆದಿದ್ದೀರಿ.

ಸೂರಿನ ಎತ್ತರವನ್ನು ಈಗಲೇ ನೋಡಿಕೊಳ್ಳಿ. 600 ಹೊರಗೆ ಹೋಗುವಷ್ಟರಲ್ಲಿ ಮಾಡು 400 ಇಳಿದಿರುತ್ತದೆ, ಅದರ ಕೆಳತುದಿ ನೆಲದಿಂದ 3050ರಲ್ಲಿ, ಕಟ್ಟೆಯಿಂದ 2600ರಲ್ಲಿ ನಿಲ್ಲುತ್ತದೆ. ಬಾಗಿಲಿನ ತಲೆಗಿಂತ 500 ಮೇಲೆ. ಮುಂದೆ ಯಾರಾದರೂ ಜಗುಲಿಗಾಗಿ ಸೂರನ್ನು 1500ಕ್ಕೆ ಚಾಚಿಸಿ ಎಂದರೆ ಇದೇ ಇಳಿಜಾರಿನಲ್ಲಿ ಅದು 1000 ಇಳಿದು ಕಟ್ಟೆಯಿಂದ 2000ಕ್ಕೆ ಬಂದು, ಬಾಗಿಲಿನ ತಲೆಗಿಂತ ಕೆಳಗಾಗುತ್ತದೆ. ಅದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾದರಿಯಲ್ಲಿ ತೋರಿಸಿದರೆ ಮಾಲೀಕರಿಗೆ ಬೇಗ ಮನವರಿಕೆಯಾಗುತ್ತದೆ.

ಪರೀಕ್ಷೆ

Camera > Parallel Projection ಮಾಡಿ, Standard Views ಪಟ್ಟಿಯಿಂದ ಪಕ್ಕದ ನೋಟ ತೆರೆಯಿರಿ. ದೂರದ್ದು ಚಿಕ್ಕದಾಗಿ ಕಾಣುವ ಸಾಮಾನ್ಯ ನೋಟದಲ್ಲಿ ಇಳಿಜಾರನ್ನು ಕಣ್ಣಿನಿಂದ ತೂಗಲು ಆಗದು. Dimension ಉಪಕರಣದಿಂದ ಸೂರಿನ 3050, ನೆತ್ತಿಯ 5630.3 ಎರಡನ್ನೂ ಗುರುತಿಸಿ.

ಇನ್ನೊಂದು ಪರೀಕ್ಷೆ ವಿಸ್ತೀರ್ಣದ್ದು. ಮಾಡಿನ ಗುಂಪನ್ನು ತೆರೆದು ಒಂದು ಕೆಳಮೈಯನ್ನು ಆರಿಸಿದರೆ Entity Info ಫಲಕದಲ್ಲಿ ಸುಮಾರು 42.83 ಚದರ ಮೀಟರ್ ಕಾಣಬೇಕು. ಎರಡು ಬದಿ ಸೇರಿ 85.67. ಅದೇ ಮಾಡಿನ ಕೆಳಗಿನ ಸಮತಟ್ಟು ನೆಲ 7.2 ಗುಣಿಸು 9.9, ಅಂದರೆ 71.28 ಚದರ ಮೀಟರ್. ಎರಡರ ಅನುಪಾತ 1.20 ಬಂದರೆ ಇಳಿಜಾರು 2:3 ಎಂಬುದು ಖಚಿತ. ನಾನು ತಪ್ಪು ಮಾಡಿದ್ದ 1:3ರಲ್ಲಿ ಅದು 1.05 ಬರುತ್ತದೆ. ಹಂಚಿನ ಲೆಕ್ಕಕ್ಕೂ ಈ ಓರೆ ವಿಸ್ತೀರ್ಣವೇ ಬೇಕು. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಈ ಮಾಡಿಗೆ ಒಡೆಯುವುದನ್ನು ಬಿಟ್ಟು 1285 ಹಂಚು ಬೇಕು. ನೆಲದ ವಿಸ್ತೀರ್ಣ ಹಿಡಿದು ತರಿಸಿದರೆ ಇನ್ನೂರಕ್ಕೂ ಹೆಚ್ಚು ಹಂಚು ಕಡಿಮೆ ಬೀಳುತ್ತದೆ.

ಇಳಿಜಾರನ್ನು ಬದಲಿಸಬೇಕಾಗಿ ಬಂದರೆ ಮಾಡಿನ ಗುಂಪನ್ನು Scale ಉಪಕರಣದಿಂದ ಮೇಲಕ್ಕೆ ಹಿಗ್ಗಿಸಬೇಡಿ. ಇಳಿಜಾರಿನ ಜೊತೆಗೆ ದಪ್ಪವೂ ಬದಲಾಗುತ್ತದೆ, ಮತ್ತೆ ಅಳೆಯದ ಹೊರತು ಅದು ಗೊತ್ತಾಗುವುದಿಲ್ಲ. ಅಡ್ಡಸೀಳನ್ನು ಹೊಸದಾಗಿ ಬರೆಯಲು ಐದು ನಿಮಿಷ ಸಾಕು.

ಹಂಚಿನ ಚಿತ್ರವನ್ನು ಮಾಡಿಗೆ ಬಳಿಯುವಾಗಲೂ ಅಳತೆ ಇದೆ. ಬಳಿದ ಕೂಡಲೇ ಒಂದೊಂದು ಹಂಚು ಕಿಟಕಿಯಷ್ಟು ದೊಡ್ಡದಾಗಿ ಕಂಡರೆ Materials ಫಲಕದ Edit ಭಾಗದಲ್ಲಿ ಆ ಚಿತ್ರದ ನಿಜವಾದ ಅಗಲವನ್ನು ಕೊಡಬೇಕು. ಒಂದು ಹಂಚಿನ ಕಾಣುವ ಅಗಲವನ್ನು ಅಂಗಡಿಯಲ್ಲಿ ಟೇಪ್ ಹಿಡಿದು ಅಳೆದು, ಚಿತ್ರದಲ್ಲಿ ಅಡ್ಡಲಾಗಿ ಎಷ್ಟು ಹಂಚಿದೆಯೋ ಅಷ್ಟರಿಂದ ಗುಣಿಸಿದರೆ ಆ ಅಗಲ ಸಿಗುತ್ತದೆ.

ಮೇಸ್ತ್ರಿಗೆ ಕೊಡುವ ಹಾಳೆಯಲ್ಲಿ ನಾನು ಈಗ ಪಿಚ್ ಎಂಬ ಪದವನ್ನು ಬರೆಯುವುದಿಲ್ಲ. ಪಕ್ಕದ ನೋಟದ ಮೇಲೆ ಒಂದು ಚಿಕ್ಕ ತ್ರಿಕೋನ ಬಿಡಿಸಿ, ಅಡ್ಡಗೆರೆಯ ಕೆಳಗೆ "ಗೋಡೆಯ ಹೊರಮೈಯಿಂದ ನಡುವಿಗೆ 3000", ಲಂಬ ಗೆರೆಯ ಪಕ್ಕ "ಗೋಡೆಯ ತಲೆಯಿಂದ ನೆತ್ತಿಗೆ 2000" ಎಂದು ಕನ್ನಡದಲ್ಲಿಯೇ ಬರೆದು ಕೊಡುತ್ತೇನೆ.